ರೆಪೊ ದರ ಬದಲಾದರೆ ಶೇರು ಬೆಲೆ ಯಾಕೆ ಏರಿಳಿಯುತ್ತದೆ?

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಅಲ್ಪಾವಧಿ ಸಾಲದ ದರಕ್ಕೆ ರೆಪೊ ದರ ಎನ್ನುತ್ತಾರೆ. ಇದು ಬದಲಾದಾಗ ಮನೆ ಸಾಲದ ಕಂತು, ಎಫ್‌ಡಿ ದರ ಬದಲಾಗುವುದು ಎಲ್ಲರಿಗೂ ಗೊತ್ತು. ಅದೇ ದರ ಶೇರು, ಕಟ್ಟಡ, ಚಿನ್ನ ಮುಂತಾದ ಆಸ್ತಿಗಳ ಬೆಲೆಯನ್ನೂ ಕದಲಿಸುತ್ತದೆ. ಆಸ್ತಿ ಬೆಲೆ ಬದಲಾದಾಗ ಜನರ ಖರ್ಚು ಮತ್ತು ಕಂಪೆನಿಗಳ ಹೂಡಿಕೆ ಕೂಡಾ ಬದಲಾಗುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಆಸ್ತಿ ಬೆಲೆ ಮತ್ತು ಸಂಪತ್ತಿನ ಮಾರ್ಗ ಎಂದು ಹೆಸರು. ಬಡ್ಡಿಯ ವ್ಯವಹಾರ ಮುಟ್ಟದೆ ಶೇರು ಮಾತ್ರ ಇಟ್ಟುಕೊಂಡವರೂ ಇದರಿಂದ ಹೊರಗಿಲ್ಲ.

ಅಂಗಡಿ ಕೋಣೆಯ ಲೆಕ್ಕ

ಉಪ್ಪಳ ಪೇಟೆಯಲ್ಲಿ ಒಂದು ಅಂಗಡಿ ಕೋಣೆ ಇದೆ ಎಂದಿಟ್ಟುಕೊಳ್ಳಿ. ಖರ್ಚು ಕಳೆದು ವರ್ಷಕ್ಕೆ 1,20,000 ರೂ. ಬಾಡಿಗೆ ಉಳಿಯುತ್ತದೆ. ಬೇರೆ ಕಡೆ ಹಣ ಹಾಕಿದರೆ ನೂರಕ್ಕೆ 8 ಸಿಗುವ ಕಾಲದಲ್ಲಿ ಈ ಕೋಣೆಗೆ 15 ಲಕ್ಷಕ್ಕಿಂತ ಹೆಚ್ಚು ಕೊಡಲು ಯಾರೂ ಮುಂದೆ ಬರುವುದಿಲ್ಲ. ಯಾಕೆಂದರೆ 15 ಲಕ್ಷಕ್ಕೆ ಶೇ. 8 ಅಂದರೆ ಅದೇ 1,20,000. ದರ ಇಳಿದು ಬೇರೆ ಕಡೆ ಶೇ. 6 ಮಾತ್ರ ಸಿಗುವಂತಾದರೆ ಅದೇ ಕೋಣೆಗೆ 20 ಲಕ್ಷ ಕೊಟ್ಟರೂ ನಷ್ಟ ಇಲ್ಲ. ಬಾಡಿಗೆ ಒಂದು ರೂಪಾಯಿಯೂ ಏರಿಲ್ಲ, ಆದರೆ ಕೋಣೆಯ ಬೆಲೆ 5 ಲಕ್ಷ ಏರಿತು.

ಇಲ್ಲಿಂದ ಎರಡು ಪರಿಣಾಮ ಹುಟ್ಟುತ್ತದೆ. ಒಂದು, ಕೋಣೆಯ ಯಜಮಾನನಿಗೆ ತನ್ನ ಆಸ್ತಿ ಹೆಚ್ಚಾಯಿತು ಎಂಬ ಧೈರ್ಯ ಬರುತ್ತದೆ. ಮನೆ ರಿಪೇರಿಗೋ, ಹೊಸ ಬೈಕಿಗೋ ಕೈ ಬಿಚ್ಚುತ್ತಾನೆ. ಇದು ಸಂಪತ್ತಿನ ಪರಿಣಾಮ. ಎರಡು, ಅಂತಹದ್ದೇ ಹೊಸ ಕೋಣೆ ಕಟ್ಟಲು 17 ಲಕ್ಷ ತಗಲುತ್ತದೆ ಎಂದಾದರೆ, ಹಳೆಯದು 15 ಲಕ್ಷಕ್ಕೆ ಸಿಗುವಾಗ ಯಾರೂ ಕಟ್ಟುವುದಿಲ್ಲ. ಬೆಲೆ 20 ಲಕ್ಷವಾದ ಕೂಡಲೇ ಕಟ್ಟಿ ಮಾರುವುದು ಲಾಭ. ಕಲ್ಲು, ಸಿಮೆಂಟು, ಮೇಸ್ತ್ರಿ ಎಲ್ಲರಿಗೂ ಕೆಲಸ. ಮಾರುಕಟ್ಟೆ ಬೆಲೆಯನ್ನು ಹೊಸದಾಗಿ ಕಟ್ಟುವ ಖರ್ಚಿನಿಂದ ಭಾಗಿಸಿ ನೋಡುವ ಈ ಲೆಕ್ಕವನ್ನು 1969ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ ಮುಂದಿಟ್ಟರು. ಅದಕ್ಕೆ 'ಟೋಬಿನ್‌ನ ಕ್ಯೂ' ಎನ್ನುತ್ತಾರೆ. ಕ್ಯೂ ಒಂದಕ್ಕಿಂತ ಮೇಲಿದ್ದರೆ ಹೂಡಿಕೆ ನಡೆಯುತ್ತದೆ, ಕೆಳಗಿಳಿದರೆ ನಿಲ್ಲುತ್ತದೆ.

ಶೇರಿನಲ್ಲಿ ಏಟು ಹೆಚ್ಚು

ಶೇರು ಕೂಡಾ ಬಾಡಿಗೆ ಕೋಣೆಯ ಹಾಗೆಯೇ. ಬಾಡಿಗೆಯ ಬದಲು ಕಂಪೆನಿಯ ಮುಂದಿನ ಲಾಭ. ಆದರೆ ಲಾಭ ಎಷ್ಟು ದೂರದಲ್ಲಿದೆಯೋ ದರದ ಏಟು ಅಷ್ಟು ಜೋರು. ಒಂದು ವರ್ಷದ ನಂತರ ಬರುವ 100 ರೂಪಾಯಿಗೆ ಶೇ. 6ರ ಲೆಕ್ಕದಲ್ಲಿ ಇಂದಿನ ಬೆಲೆ ಸುಮಾರು 94 ರೂ., ಶೇ. 8ರ ಲೆಕ್ಕದಲ್ಲಿ 93 ರೂ. ದೊಡ್ಡ ವ್ಯತ್ಯಾಸ ಇಲ್ಲ. 20 ವರ್ಷದ ನಂತರ ಬರುವ 100 ರೂಪಾಯಿಗೆ ಮಾತ್ರ ಮೊದಲ ಲೆಕ್ಕದಲ್ಲಿ 31 ರೂ., ಎರಡನೆಯದರಲ್ಲಿ 21 ರೂ. ಈಗ ಲಾಭ ಇಲ್ಲದೆ 'ಮುಂದೆ ಬರುತ್ತದೆ' ಎಂಬ ನಂಬಿಕೆಯಲ್ಲಿ ಓಡುವ ಕಂಪೆನಿಗಳ ಶೇರು ದರ ಏರಿದಾಗ ಹೆಚ್ಚು ಬೀಳುವುದು ಇದೇ ಕಾರಣಕ್ಕೆ.

2020ರಿಂದ 2022ರವರೆಗೆ ನಡೆದದ್ದು

ಕೋವಿಡ್ ಸಮಯದಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 2020ರ ಮಾರ್ಚ್ 27ರಂದು ಶೇ. 5.15ರಿಂದ 4.40ಕ್ಕೆ, ಮೇ 22ರಂದು ಶೇ. 4ಕ್ಕೆ ಇಳಿಸಿತು. ಎಫ್‌ಡಿಯಲ್ಲಿ ಸಿಗುವುದು ಶೇ. 5ರ ಆಸುಪಾಸಿಗೆ ಬಂತು. ಹಣ ಶೇರಿನ ಕಡೆ ತಿರುಗಿತು. ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಗಿದಿದ್ದ ಸೆನ್ಸೆಕ್ಸ್ 2021ರ ಜನವರಿ 21ರಂದು ಮೊದಲ ಬಾರಿ 50,000 ಮುಟ್ಟಿತು. ಅದು ದೇಶದ ಜಿಡಿಪಿಯೇ ಕುಗ್ಗಿದ ವರ್ಷ. 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು ಎರಡೇ ವರ್ಷದಲ್ಲಿ ಸುಮಾರು 9 ಕೋಟಿಯಾದವು.

ಕ್ಯೂ ಲೆಕ್ಕವೂ ಕಣ್ಣಿಗೆ ಕಂಡಿತು. ಶೇರಿಗೆ ಒಳ್ಳೆಯ ಬೆಲೆ ಸಿಗುವಾಗ ಕಂಪೆನಿಗಳು ಹೊಸ ಶೇರು ಮಾರಿ ಹಣ ಎತ್ತುತ್ತವೆ. 2021ರಲ್ಲಿ ಐಪಿಒ ಮೂಲಕ ಎತ್ತಿದ ಹಣ ಸುಮಾರು 1.18 ಲಕ್ಷ ಕೋಟಿ ರೂ. ದರ ಏರಿದ 2022ರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದರಲ್ಲೂ ಮೂರನೇ ಒಂದು ಭಾಗ ಎಲ್‌ಐಸಿಯೊಂದರದ್ದೇ. ಒಂದು ಎಚ್ಚರಿಕೆ: ಐಪಿಒದ ಎಲ್ಲಾ ಹಣ ಕಾರ್ಖಾನೆಗೆ ಹೋಗುವುದಿಲ್ಲ. ಹಳೆಯ ಪಾಲುದಾರರು ತಮ್ಮ ಶೇರು ಮಾರಿದ್ದಾದರೆ ಹಣ ಅವರ ಕೈಗೆ. ಎಲ್‌ಐಸಿಯದ್ದು ಪೂರ್ತಿ ಸರಕಾರದ ಪಾಲಿನ ಮಾರಾಟವೇ ಆಗಿತ್ತು. ಪ್ರಾಸ್ಪೆಕ್ಟಸ್‌ನಲ್ಲಿ 'ಹೊಸ ಶೇರು' ಎಷ್ಟು, 'ಮಾರಾಟಕ್ಕೆ ಇಟ್ಟದ್ದು' ಎಷ್ಟು ಎಂದು ಬೇರೆಬೇರೆ ಬರೆದಿರುತ್ತಾರೆ.

ಸುದ್ದಿ ಅಲ್ಲ, ಅನಿರೀಕ್ಷಿತ ಸುದ್ದಿ

2022ರ ಮೇ 4ರಂದು ನಿಗದಿಯಾದ ಸಭೆ ಇರಲಿಲ್ಲ. ಆದರೂ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಮಧ್ಯಾಹ್ನ ದಿಢೀರ್ ಬಂದು ರೆಪೊ ದರವನ್ನು ಶೇ. 4ರಿಂದ 4.40ಕ್ಕೆ ಏರಿಸಿದರು. ಸೆನ್ಸೆಕ್ಸ್ ಅಂದೇ ಸುಮಾರು 1,307 ಅಂಕ ಬಿತ್ತು. ಜೂನ್ 8ರಂದು ಏರಿಕೆ ಇನ್ನೂ ದೊಡ್ಡದು, ಶೇ. 0.50. ಆದರೆ ಅದು ಎಲ್ಲರೂ ಕಾದಿದ್ದ ಏರಿಕೆ, ಹಾಗಾಗಿ ಬಿದ್ದದ್ದು ಸುಮಾರು 215 ಅಂಕ ಮಾತ್ರ. ಸೆಪ್ಟೆಂಬರ್ 30ರಂದು ಮತ್ತೆ ಶೇ. 0.50 ಏರಿಸಿದಾಗ ಸೆನ್ಸೆಕ್ಸ್ ಬೀಳುವ ಬದಲು ಸಾವಿರ ಅಂಕಕ್ಕಿಂತ ಹೆಚ್ಚು ಏರಿತು. ಗೊತ್ತಿದ್ದ ಏರಿಕೆಯನ್ನು ಮಾರುಕಟ್ಟೆ ಮೊದಲೇ ಬೆಲೆಯಲ್ಲಿ ಸೇರಿಸಿಬಿಟ್ಟಿರುತ್ತದೆ. ಆದ್ದರಿಂದ 'ದರ ಇಳಿಯಿತು, ಈಗ ಕೊಳ್ಳೋಣ' ಎಂದು ಟಿವಿ ನೋಡಿ ಓಡುವವನು ಹೆಚ್ಚಾಗಿ ತಡವಾಗಿ ತಲುಪುತ್ತಾನೆ. ಮಾರುಕಟ್ಟೆಯ ನಿರೀಕ್ಷೆ ತಿಳಿಯಲು 10 ವರ್ಷದ ಸರಕಾರಿ ಬಾಂಡಿನ ದರ ನೋಡಬೇಕು. ಸಭೆಗೆ ಮೊದಲೇ ಅದು ಇಳಿದಿದ್ದರೆ ಕಡಿತದ ಲಾಭ ಶೇರು ಬೆಲೆಯಲ್ಲೂ ಬಹುತೇಕ ಬಂದಾಗಿದೆ ಎಂದರ್ಥ.

ಹಲಾಲ್ ಶೇರು ಇಟ್ಟವರಿಗೆ

ಶರೀಅತ್ ಸೂಚ್ಯಂಕಗಳಲ್ಲಿ ಬ್ಯಾಂಕು, ಫೈನಾನ್ಸ್ ಕಂಪೆನಿಗಳು ಇರುವುದಿಲ್ಲ, ಸಾಲ ಜಾಸ್ತಿ ಇರುವ ಕಂಪೆನಿಗಳೂ ಹೊರಗೆ. ಹಾಗಾಗಿ ದರ ಏರಿದಾಗ ಬಡ್ಡಿ ಖರ್ಚು ಹೆಚ್ಚಿ ಲಾಭ ಕರಗುವ ಅಪಾಯ ಈ ಕಂಪೆನಿಗಳಿಗೆ ಕಡಿಮೆ. ಆದರೆ ಅಂಗಡಿ ಕೋಣೆಯ ಲೆಕ್ಕ ಇವಕ್ಕೂ ಅನ್ವಯಿಸುತ್ತದೆ. ಕೋಣೆಯ ಮೇಲೆ ಸಾಲ ಇಲ್ಲದಿದ್ದರೂ ದರ ಏರಿದಾಗ ಅದರ ಬೆಲೆ ಇಳಿಯುತ್ತದಲ್ಲವೇ? 2022ರಲ್ಲಿ ನಿಫ್ಟಿ ಬ್ಯಾಂಕ್ ಸೂಚ್ಯಂಕ ಶೇ. 20ರಷ್ಟು ಏರಿದರೆ, ಸಾಲ ಕಡಿಮೆ ಇರುವ ನಿಫ್ಟಿ ಐಟಿ ಸೂಚ್ಯಂಕ ಶೇ. 25ರಷ್ಟು ಬಿತ್ತು. ಐಟಿಗೆ ಗಿರಾಕಿಗಳು ಹೆಚ್ಚಾಗಿ ಅಮೆರಿಕದವರು. ಅಲ್ಲಿನ ಫೆಡರಲ್ ರಿಸರ್ವ್ ಅದೇ ವರ್ಷ ತನ್ನ ದರವನ್ನು ಸೊನ್ನೆಯ ಸಮೀಪದಿಂದ ಶೇ. 4.50ರವರೆಗೆ ಒಯ್ದಿತ್ತು. ಐಟಿ ಶೇರು ಇಟ್ಟವರು ಮುಂಬೈಯ ಜೊತೆಗೆ ವಾಷಿಂಗ್ಟನ್ನಿನ ಸಭೆಯ ತಾರೀಕನ್ನೂ ನೋಡಬೇಕು.

ಈ ಮಾರ್ಗದ ಮಿತಿ

ಭಾರತದಲ್ಲಿ ಶೇರಿನ ಸಂಪತ್ತಿನ ಪರಿಣಾಮ ಅಮೆರಿಕದಷ್ಟು ದೊಡ್ಡದಲ್ಲ. ರಿಸರ್ವ್ ಬ್ಯಾಂಕಿನ ಸಮಿತಿಯೊಂದರ 2017ರ ವರದಿ ಪ್ರಕಾರ ಸರಾಸರಿ ಕುಟುಂಬದ ಆಸ್ತಿಯಲ್ಲಿ ಶೇ. 84 ಜಾಗ, ಮನೆ ಮತ್ತಿತರ ವಸ್ತುಗಳು, ಶೇ. 11 ಚಿನ್ನ. ಬ್ಯಾಂಕ್ ಠೇವಣಿ, ಶೇರು ಎಲ್ಲಾ ಸೇರಿ ಬರೇ ಶೇ. 5. ಸೆನ್ಸೆಕ್ಸ್ ಏರಿದ ಮಾತ್ರಕ್ಕೆ ಪೇಟೆಯಲ್ಲಿ ವ್ಯಾಪಾರ ಏರುವುದಿಲ್ಲ.

ದರವೊಂದೇ ಬೆಲೆ ನಿರ್ಧರಿಸುವುದೂ ಇಲ್ಲ. 2022ರ ಡಿಸೆಂಬರ್ ಮೊದಲ ದಿನ, ಅಷ್ಟರಲ್ಲಿ ದರ ನಾಲ್ಕು ಸಲ ಏರಿದ್ದರೂ, ಸೆನ್ಸೆಕ್ಸ್ 63,000 ದಾಟಿ ಹೊಸ ದಾಖಲೆ ಮಾಡಿತ್ತು. ಅಂಗಡಿ ಕೋಣೆಯ ಲೆಕ್ಕದಲ್ಲೇ ಹೇಳುವುದಾದರೆ ಬಾಡಿಗೆ ಏರಿದರೆ ದರ ಏರಿದರೂ ಕೋಣೆಯ ಬೆಲೆ ನಿಲ್ಲುತ್ತದೆ. ದರ ಇಳಿದದ್ದರಿಂದ ಮಾತ್ರ ಏರಿದ ಬೆಲೆ, ದರ ಏರಿದಾಗ ವಾಪಸ್ ಹೋಗುತ್ತದೆ. ಕೈಯಲ್ಲಿರುವ ಶೇರು ಏರಿದ್ದು ಯಾವುದರಿಂದ ಎಂದು ತಿಳಿಯಲು ಕಂಪೆನಿಯ ಮೂರು ವರ್ಷದ ಲಾಭವನ್ನು ಶೇರು ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಲಾಭ ನಿಂತಲ್ಲೇ ನಿಂತು ಬೆಲೆ ಮಾತ್ರ ಓಡಿದ್ದರೆ, ಅಂಗಡಿಯ ದುಡಿಯುವ ಬಂಡವಾಳವನ್ನು ಅದರಲ್ಲಿ ಹಾಕುವ ಸಮಯ ಅದಲ್ಲ.