ಲಾಭ ತೆಗೆಯೋಕೆ ಮೊದಲು ದುಡ್ಡು ಕಟ್ಟಿ: ನಕಲಿ ಟ್ರೇಡಿಂಗ್ ಆಪ್‌ಗಳ ಒಳಗೆ ನಡೆಯುವುದೇನು?

ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2024ರ ಮೊದಲ ನಾಲ್ಕು ತಿಂಗಳ ಲೆಕ್ಕ ಕೊಟ್ಟಿತ್ತು. ಜನವರಿಯಿಂದ ಏಪ್ರಿಲ್‌ವರೆಗೆ ಟ್ರೇಡಿಂಗ್ ಹೆಸರಿನ ವಂಚನೆಯಲ್ಲಿ ಬಂದ ದೂರುಗಳು 20,043. ಹೋದ ಹಣ 1,420 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಒಂದು ದೂರಿಗೆ ಸರಾಸರಿ ಏಳು ಲಕ್ಷ.

ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಏಳು ಲಕ್ಷ. ಮುಖ ನೋಡದ ವ್ಯಕ್ತಿಗೆ ಯಾರೂ ಒಂದೇ ಸಲಕ್ಕೆ ಅಷ್ಟು ದುಡ್ಡು ಕೊಡಲ್ಲ. ಅದು ಕಂತು ಕಂತಾಗಿ ಹೋಗುತ್ತೆ. ಕೊನೆಯ ಕಂತುಗಳು ಹೋಗುವುದು ದುರಾಸೆಯಿಂದಲ್ಲ, ತಮ್ಮದೇ ಹಣವನ್ನು ವಾಪಸ್ ಪಡೆಯುವ ಆಸೆಯಿಂದ. ಈ ಬರಹ ಆ ಕೊನೆಯ ಕಂತುಗಳ ಬಗ್ಗೆ.

ತೆರೆಯ ಮೇಲಿನ ಅಂಕಿ ಎಲ್ಲಿಂದ ಬರುತ್ತೆ?

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಹಾಗಾಗಿ ಮೊದಲು ಆ ಕಡೆಯಿಂದಲೇ ಹೇಳ್ತೀನಿ. ಯಾವುದೇ ಆಪ್‌ನಲ್ಲಿ ನಿಮಗೆ ಕಾಣುವ 'ಬ್ಯಾಲೆನ್ಸ್' ಎಲ್ಲೋ ಒಂದು ಸರ್ವರ್‌ನ ಪಟ್ಟಿಯಲ್ಲಿ ಬರೆದಿಟ್ಟ ಅಂಕಿ. ಅಸಲಿ ಬ್ರೋಕರ್ ಆದರೆ ಆ ಅಂಕಿಯ ಹಿಂದೆ ಷೇರು ವಿನಿಮಯ ಕೇಂದ್ರದ ವಹಿವಾಟು ಇರುತ್ತೆ, ನಿಮ್ಮ ಷೇರುಗಳು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ ನಿಮ್ಮ ಹೆಸರಿನಲ್ಲೇ ಇರುತ್ತವೆ. ನಕಲಿ ಆಪ್‌ನ ಹಿಂದೆ ಇವೆರಡೂ ಇಲ್ಲ. ಅಲ್ಲಿ ನಿಮ್ಮನ್ನು ಲಕ್ಷಾಧಿಪತಿ ಮಾಡಲು ಇಷ್ಟು ಸಾಕು:

```
UPDATE users SET balance = 1840000 WHERE id = 4127;
```

4127ನೇ ಬಳಕೆದಾರರ ಬ್ಯಾಲೆನ್ಸ್ ಅನ್ನು 18,40,000 ಎಂದು ಬದಲಿಸು ಅನ್ನುವುದು ಇದರ ಅರ್ಥ. ಅಷ್ಟೇ. ಷೇರುಗಳ ದರ ಮಾತ್ರ ಹೆಚ್ಚಾಗಿ ನಿಜವಾದದ್ದೇ ಇರುತ್ತೆ, ಯಾಕಂದ್ರೆ ಅದನ್ನು ಬೇರೆ ಕಡೆಯಿಂದ ತಂದು ತೋರಿಸುವುದು ಸುಲಭ. ಟಿವಿಯಲ್ಲಿ ಕಾಣುವ ದರವೇ ಆಪ್‌ನಲ್ಲೂ ಕಂಡಾಗ ಅನುಮಾನ ಬರಲ್ಲ. ಸುಳ್ಳಿರುವುದು ನೀವು ಆ ಷೇರು ಕೊಂಡಿದ್ದೀರಿ ಅನ್ನುವುದರಲ್ಲಿ.

ಒಂದು ಲೆಕ್ಕ ಮಾಡೋಣ

ಇಂಥ ದೂರುಗಳ ಹಾದಿ ಬಹುತೇಕ ಒಂದೇ. ಅದನ್ನು ಒಬ್ಬರ ಲೆಕ್ಕವಾಗಿ ಬಿಡಿಸ್ತೀನಿ. ಹಾಸನದ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು ಅಂತ ಇಟ್ಟುಕೊಳ್ಳಿ. ಜಾಹೀರಾತೊಂದನ್ನು ಒತ್ತಿದ ಮೇಲೆ ಅವರು ಒಂದು ವಾಟ್ಸಾಪ್ ಗುಂಪಿಗೆ ಸೇರಿದ್ದಾರೆ. ಗುಂಪಿನಲ್ಲಿ ದಿನವೂ ಯಾರಾದರೊಬ್ಬರು 'ಇವತ್ತು ಇಷ್ಟು ಲಾಭ ಬಂತು ಸರ್' ಎಂದು ಸ್ಕ್ರೀನ್‌ಶಾಟ್ ಹಾಕ್ತಾರೆ. ಅವರಲ್ಲಿ ಹೆಚ್ಚಿನವರು ವಂಚಕರದೇ ಜನ. ಆಪ್ ಇಳಿಸಿಕೊಳ್ಳಲು ಲಿಂಕ್ ಬರುತ್ತೆ, ಆಪ್‌ಗೆ ದೊಡ್ಡ ಕಂಪನಿಯೊಂದರ ಹೆಸರನ್ನೇ ಹೋಲುವ ಹೆಸರು ಇರುತ್ತೆ.

ಮೇಷ್ಟ್ರು ಮೊದಲು 10,000 ಹಾಕ್ತಾರೆ. ನಾಲ್ಕು ದಿನದಲ್ಲಿ ಅದು 12,400 ಆಗಿ ಕಾಣುತ್ತೆ. ಪರೀಕ್ಷೆಗೆ ಅಂತ 2,000 ತೆಗೆಯಲು ನೋಡ್ತಾರೆ, ಅದೇ ದಿನ ಬ್ಯಾಂಕಿಗೆ ಬರುತ್ತೆ. ವಂಚಕರ ಪಾಲಿಗೆ ಈ 2,000 ಪ್ರಚಾರದ ಖರ್ಚು, ಅದನ್ನೂ ಕೊಟ್ಟಿದ್ದು ಮೇಷ್ಟ್ರದೇ 10,000ದಿಂದ. ಆದರೆ ಮೇಷ್ಟ್ರ ಮನಸ್ಸಿನಲ್ಲಿ 'ದುಡ್ಡು ವಾಪಸ್ ಬರುತ್ತೆ' ಅನ್ನುವುದು ಗಟ್ಟಿಯಾಗುತ್ತೆ. ಮುಂದೆ 50,000, ಆಮೇಲೆ 1,50,000 ಹಾಕ್ತಾರೆ. ಇಲ್ಲಿಗೆ 2,10,000.

ಆಗ ಐಪಿಒ ಬರುತ್ತೆ. 'ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿದ್ವಿ, ಅದೃಷ್ಟ ನೋಡಿ, 3,000 ಷೇರು ಮಂಜೂರಾಗಿದೆ. ಬಾಕಿ 2,40,000 ಕಟ್ಟದಿದ್ದರೆ ಖಾತೆ ಸ್ಥಗಿತ.' ಮೇಷ್ಟ್ರು ಚಿನ್ನ ಅಡವಿಟ್ಟು ಕಟ್ತಾರೆ. ಅವರ ಕೈಯಿಂದ ಹೋಗಿದ್ದು 4,50,000. ತೆರೆಯ ಮೇಲೆ ಕಾಣ್ತಿರೋದು 18,40,000.

ಇನ್ನು ಸಾಕು ಅಂತ 'ವಿತ್‌ಡ್ರಾ' ಒತ್ತುತ್ತಾರೆ. ಅಸಲಿ ಆಟ ಶುರುವಾಗೋದೇ ಇಲ್ಲಿ. 'ಲಾಭ 13,90,000. ಅದರ ಮೇಲೆ ಶೇ. 20 ತೆರಿಗೆ, ಅಂದರೆ 2,78,000 ಮೊದಲು ಕಟ್ಟಿ.' ಬ್ಯಾಲೆನ್ಸ್‌ನಲ್ಲೇ ಹಿಡಿದುಕೊಳ್ಳಿ ಅಂದರೆ, 'ನಿಯಮ ಇಲ್ಲ ಸರ್' ಅನ್ನೋ ಉತ್ತರ. ಕಟ್ಟಿದ ಮೇಲೆ 'ಖಾತೆ ಪರಿಶೀಲನೆಗೆ ಭದ್ರತಾ ಠೇವಣಿ 1,00,000' ಅನ್ನುತ್ತಾರೆ. ಅದನ್ನೂ ಕಟ್ಟಿದರೆ ಇನ್ನೊಂದು ನೆಪ.

ಕೂಡಿಸಿದರೆ 8,28,000. ಇದರಲ್ಲಿ 3,78,000, ಅಂದರೆ ಸುಮಾರು ಶೇ. 46, ಹೋಗಿದ್ದು ವಿತ್‌ಡ್ರಾ ಒತ್ತಿದ ಮೇಲೆ. ಹೊರಗೆ ನಿಂತು 'ಓದಿದವರಿಗೂ ಬುದ್ಧಿ ಇಲ್ವಾ' ಅನ್ನೋದು ಸುಲಭ. ಆದರೆ ಆ ಹೊತ್ತಿನಲ್ಲಿ ಅವರ ಮುಂದಿರುವ ಲೆಕ್ಕವೇ ಬೇರೆ: 2.78 ಲಕ್ಷ ಕಟ್ಟಿದರೆ 18 ಲಕ್ಷ ಸಿಗುತ್ತೆ, ಕಟ್ಟದಿದ್ದರೆ ಅಡವಿಟ್ಟ ಚಿನ್ನವೂ ಹೋಯ್ತು. ಇಂಥ ಲೆಕ್ಕದ ಮುಂದೆ ಕೂರಿಸುವುದೇ ಇಡೀ ಯೋಜನೆಯ ಉದ್ದೇಶ.

ಅಸಲಿ ಕಡೆ ಹೀಗಿರಲ್ಲ

ಈ ಮೂರೂ ಬೇಡಿಕೆಗಳನ್ನು ನಿಜವಾದ ಮಾರುಕಟ್ಟೆಯ ನಿಯಮದ ಪಕ್ಕದಲ್ಲಿಟ್ಟು ನೋಡಿ.

ಐಪಿಒ: ನಿಜವಾದ ಅರ್ಜಿಯಲ್ಲಿ ನಿಮ್ಮ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿದಿರುತ್ತೆ, ಷೇರು ಸಿಕ್ಕರೆ ಮಾತ್ರ ಹೋಗುತ್ತೆ. ತಡೆಹಿಡಿದ ಹಣಕ್ಕಿಂತ ಹೆಚ್ಚಿನ ಷೇರು ಬಂದು ನೀವು ಸಾಲಗಾರರಾಗುವ ಪ್ರಶ್ನೆಯೇ ಇಲ್ಲ. 'ವಿದೇಶಿ ಹೂಡಿಕೆದಾರರ ಕೋಟಾದಲ್ಲಿ, ಸಾಂಸ್ಥಿಕ ಖಾತೆ ಮೂಲಕ ಕೊಡಿಸ್ತೀವಿ' ಅನ್ನುವ ಮಾತೂ ಸುಳ್ಳು. ಭಾರತದಲ್ಲೇ ಇರುವ ಸಾಮಾನ್ಯ ಹೂಡಿಕೆದಾರರಿಗೆ ಆ ದಾರಿ ಇಲ್ಲ ಎಂದು ಸೆಬಿ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ.

ತೆರಿಗೆ: ಷೇರಿನ ಅಲ್ಪಾವಧಿ ಲಾಭಕ್ಕೆ ಶೇ. 20 ತೆರಿಗೆ ಇರುವುದು ನಿಜ. ಅದಕ್ಕೇ ವಂಚಕರ ಮಾತು ನಂಬುವಂತಿರುತ್ತೆ. ಆದರೆ ಇಲ್ಲಿ ವಾಸಿಸುವ ಹೂಡಿಕೆದಾರರು ಅದನ್ನು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ಬ್ರೋಕರ್‌ಗಲ್ಲ. ಬ್ರೋಕರ್ ತೆಗೆದುಕೊಳ್ಳುವ ದಲ್ಲಾಳಿ ಶುಲ್ಕ, ವಹಿವಾಟು ತೆರಿಗೆ ಎಲ್ಲ ಆಯಾ ವಹಿವಾಟಿನ ಲೆಕ್ಕದಲ್ಲೇ ಮುರಿದುಕೊಳ್ಳುತ್ತವೆ.

ಹಣ ವಾಪಸ್: ಸೆಬಿ ನಿಯಮದ ಪ್ರಕಾರ ನೋಂದಾಯಿತ ಬ್ರೋಕರ್, ನೀವು ಬಳಸದೆ ಬಿಟ್ಟ ಹಣವನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ನೀವು ಕೇಳದಿದ್ದರೂ ನಿಮ್ಮ ಬ್ಯಾಂಕಿಗೆ ಕಳಿಸಲೇಬೇಕು. ಅಲ್ಲಿ ಕೇಳದೆಯೇ ಬರುತ್ತೆ, ಇಲ್ಲಿ ಕೇಳಿದರೆ ಇನ್ನಷ್ಟು ಕಟ್ಟಿ ಅಂತಾರೆ.

ಹಾಗಾಗಿ ಒಂದೇ ಪರೀಕ್ಷೆ ಸಾಕು: 'ಏನು ಶುಲ್ಕ ಇದೆಯೋ ನನ್ನ ಬ್ಯಾಲೆನ್ಸ್‌ನಲ್ಲೇ ಮುರಿದುಕೊಂಡು ಉಳಿದಿದ್ದು ಕೊಡಿ.' ಹದಿನೆಂಟು ಲಕ್ಷ ನಿಜವಾಗಿ ಇದ್ದರೆ ಅದರಲ್ಲಿ 2.78 ಲಕ್ಷ ಮುರಿಯಲು ಅಡ್ಡಿ ಏನು? ಮುರಿಯಲು ಆಗಲ್ಲ ಅಂದರೆ ಅಲ್ಲಿ ಮುರಿಯಲು ಏನೂ ಇಲ್ಲ.

ಹಣ ಹಾಕುವ ಮುಂಚೆಯೇ ಗುರುತಿಸಲು ಇನ್ನೊಂದು ದಾರಿ ಇದೆ. 2025ರ ಅಕ್ಟೋಬರ್ 1ರಿಂದ ನೋಂದಾಯಿತ ಸಂಸ್ಥೆಗಳಿಗೆ ಸೆಬಿ ಬೇರೆಯದೇ ಯುಪಿಐ ಐಡಿ ಕೊಟ್ಟಿದೆ. ಬ್ರೋಕರ್ ಆದರೆ ಐಡಿಯಲ್ಲಿ `.brk@valid` ಇರುತ್ತೆ, ಅದರ ಹಿಂದೆಯೇ ಬ್ಯಾಂಕಿನ ಹೆಸರು ಬರುತ್ತೆ. ಖಾತೆ ಸಂಖ್ಯೆ ಕೊಟ್ಟಿದ್ದರೆ ಸೆಬಿ ಚೆಕ್ ಎಂಬ ಸೌಲಭ್ಯದಲ್ಲಿ ತಾಳೆ ನೋಡಬಹುದು. ನಕಲಿ ಆಪ್ ಕೊಡುವುದು ಪ್ರತಿ ಸಲವೂ ಹೊಸ ಖಾತೆ. ಒಮ್ಮೆ ಯಾವುದೋ ಟ್ರೇಡರ್ಸ್ ಹೆಸರು, ಇನ್ನೊಮ್ಮೆ ಯಾರೋ ವ್ಯಕ್ತಿಯ ಹೆಸರು.

ಆ ಖಾತೆಗಳು ಯಾರವು?

ಬಹಳಷ್ಟು ಸಲ ಅವು ನಮ್ಮ ನಡುವಿನವರದೇ. ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟ ಕಾಲೇಜು ಹುಡುಗರು, ಕೂಲಿಗಳು, ಸಣ್ಣ ಅಂಗಡಿಯವರು. ಇವನ್ನು ಪೊಲೀಸರು 'ಮ್ಯೂಲ್ ಖಾತೆ' ಅಂತಾರೆ. ಮೇಷ್ಟ್ರ ದುಡ್ಡು ಮೊದಲ ಖಾತೆಗೆ ಬಿದ್ದ ಕೆಲವೇ ಹೊತ್ತಿನಲ್ಲಿ ಹತ್ತಾರು ಖಾತೆಗಳಿಗೆ ಒಡೆದುಹೋಗುತ್ತೆ. ಅಲ್ಲಿಂದ ನಗದಾಗಿಯೋ ಕ್ರಿಪ್ಟೊ ಆಗಿಯೋ ಕೈ ಬದಲಾಗುತ್ತೆ. ಆಪ್ ನಡೆಸುವವರು ದೂರದಲ್ಲಿರುತ್ತಾರೆ, ಪೊಲೀಸರು ಮೊದಲು ಬಾಗಿಲು ಬಡಿಯುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರದು. ಹಾಸ್ಟೆಲ್‌ನಲ್ಲಿ ಯಾರಾದರೂ 'ನಿನ್ನ ಖಾತೆ ಒಂದು ತಿಂಗಳು ಕೊಡು' ಅಂದರೆ ಅದು ಈ ಸರಪಳಿಯ ಕೊಂಡಿ ಅಂತ ತಿಳಿಯಿರಿ.

ದುಡ್ಡು ಹೋದ ಮೇಲೆ

1930ಕ್ಕೆ ಕರೆ ಮಾಡಿ, ಅಥವಾ `cybercrime.gov.in`ನಲ್ಲಿ ದೂರು ದಾಖಲಿಸಿ. ಹಣ ಯಾವ ಖಾತೆಗೆ ಹೋಯಿತೋ ಆ ಬ್ಯಾಂಕಿಗೆ ಇಲ್ಲಿಂದಲೇ ಸೂಚನೆ ಹೋಗುತ್ತೆ, ಅಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ. 'ಉಳಿದಿರುವ' ಅನ್ನುವ ಪದ ಮುಖ್ಯ. ಎರಡು ತಿಂಗಳ ಹಿಂದೆ ಕಳಿಸಿದ 10,000 ಸಿಗುವ ಸಾಧ್ಯತೆ ಕಡಿಮೆ. ನಿನ್ನೆ 'ತೆರಿಗೆ' ಅಂತ ಕಳಿಸಿದ 2,78,000 ಇನ್ನೂ ಯಾವುದೋ ಖಾತೆಯಲ್ಲಿ ಇರಬಹುದು. ಆದ್ದರಿಂದ ಇತ್ತೀಚಿನ ವಹಿವಾಟಿನ ವಿವರವನ್ನು ಮೊದಲು ಕೊಡಿ: ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ. ನಾಚಿಕೆಯಿಂದ ಒಂದು ವಾರ ಸುಮ್ಮನಿದ್ದರೆ ವಾಪಸ್ ಸಿಗಬಹುದಾದ ಭಾಗವೇ ಕೈತಪ್ಪುತ್ತೆ.

ಆಪ್ ತೆಗೆದುಹಾಕಬೇಡಿ, ಗುಂಪಿನಿಂದ ಹೊರಬರಬೇಡಿ, ದೂರು ಕೊಟ್ಟಿದ್ದನ್ನು ಅವರಿಗೆ ಹೇಳಲೂಬೇಡಿ. ಚಾಟ್ ಮತ್ತು ಸ್ಕ್ರೀನ್‌ಶಾಟ್ ಉಳಿಸಿಕೊಂಡು ಜಿಲ್ಲೆಯ ಸೆನ್ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ತಡೆಹಿಡಿದ ಹಣ ಕೈಗೆ ಬರಲು ಸಾಮಾನ್ಯವಾಗಿ ಕೋರ್ಟ್ ಆದೇಶ ಬೇಕಾಗುತ್ತೆ, ಅದಕ್ಕೂ ಈ ದಾಖಲೆ ಬೇಕು. ಇದರ ನಡುವೆ 'ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಶುಲ್ಕ ಆಗುತ್ತೆ' ಅಂತ ಯಾರಾದರೂ ಕರೆ ಮಾಡಿದರೆ ಅದು ಅದೇ ಆಟದ ಮುಂದಿನ ಕಂತು.

ನಷ್ಟ ಯಾರ ಮೇಲೆ?

ನಿಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ ಗ್ರಾಹಕರ ಹೊಣೆಗೆ ಮಿತಿ ಹಾಕುವ ಸುತ್ತೋಲೆಯನ್ನು ರಿಸರ್ವ್ ಬ್ಯಾಂಕ್ 2017ರಲ್ಲೇ ಹೊರಡಿಸಿದೆ. ಆದರೆ ಮೇಷ್ಟ್ರು ತಾವೇ ಪಿನ್ ಒತ್ತಿ ಕಳಿಸಿದ್ದಾರೆ. ಅದು 'ಅನಧಿಕೃತ ವಹಿವಾಟು' ಅಲ್ಲ, ಹಾಗಾಗಿ ಆ ರಕ್ಷಣೆ ಸಿಗಲ್ಲ. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ ಬೇರೆ ನಿಯಮ ಬಂದಿದೆ. ಅಲ್ಲಿ ಜನ ಮೋಸಹೋಗಿ ತಾವೇ ದೇಶದೊಳಗಿನ ಖಾತೆಗೆ ಕಳಿಸಿದ ಹಣವನ್ನೂ 85,000 ಪೌಂಡ್‌ವರೆಗೆ ಬ್ಯಾಂಕ್‌ಗಳು ವಾಪಸ್ ಕೊಡಬೇಕು. ಆ ಹೊರೆಯಲ್ಲಿ ಅರ್ಧ ಹಣ ಕಳಿಸಿದ ಬ್ಯಾಂಕಿನದು, ಅರ್ಧ ಹಣ ಪಡೆದ ಬ್ಯಾಂಕಿನದು.

ಆ ಎರಡನೇ ಅರ್ಧವನ್ನು ಗಮನಿಸಿ. ಮ್ಯೂಲ್ ಖಾತೆ ತೆರೆದುಕೊಟ್ಟ ಬ್ಯಾಂಕಿಗೆ ತನ್ನ ಜೇಬಿನಿಂದ ದುಡ್ಡು ಹೋಗುತ್ತೆ ಅಂದರೆ, ಮೊನ್ನೆವರೆಗೆ ಸಾವಿರ ರೂಪಾಯಿಯೂ ಇಲ್ಲದ ಖಾತೆಗೆ ಒಂದೇ ದಿನ ಹತ್ತಾರು ಲಕ್ಷ ಬಂದು ಹೋಗುವಾಗ ಅದು ಸುಮ್ಮನೆ ನೋಡುತ್ತಾ ಕೂರಲ್ಲ. ನಮ್ಮಲ್ಲಿ ಆ ನಷ್ಟ ಬಹುಪಾಲು ಮೇಷ್ಟ್ರೊಬ್ಬರದೇ. ನಮ್ಮ ಸಂಸದರನ್ನೂ ರಿಸರ್ವ್ ಬ್ಯಾಂಕನ್ನೂ ಕೇಳಬೇಕಾದ ಪ್ರಶ್ನೆ ಇದು: ಆ ಖಾತೆಯನ್ನು ತೆರೆದು, ಅದರಲ್ಲಿ ಲಕ್ಷಗಳು ಹರಿಯಲು ಬಿಟ್ಟ ಬ್ಯಾಂಕಿನ ಪಾಲು ಎಷ್ಟು?