ತಿಬ್ಬತೀ ಮಣಿಸರಗಳಲ್ಲಿ ಕೃತಕ ಮಣಿಗಳು: ಕಾಲನಿರ್ಣಯದಲ್ಲಿ ಅವುಗಳ ಉಪಯೋಗ

ತಿಬ್ಬತದ ಜನರು ಧರಿಸುವ ಕಂಠಾಭರಣಗಳಲ್ಲಿ ಅಂಬರು, ಹವಳ, ಫಿರೋಜಾ ಎಂಬ ಮೂರು ವಸ್ತುಗಳು ಒಂದೇ ದಾರದಲ್ಲಿ ಕೂಡಿರುವುದು ಸಾಮಾನ್ಯ. 1959ರ ಅನಂತರ ನಮ್ಮ ನಾಡಿನ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಬಂದು ನೆಲಸಿದ ತಿಬ್ಬತೀಯರ ಕೊರಳಿನಲ್ಲಿ ಇಂಥ ಸರಗಳನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ತಿಬ್ಬತವು ಸಮುದ್ರದಿಂದ ಬಹು ದೂರವಿರುವ ದೇಶ. ಆದರೂ ಕೆಂಪು ಹವಳವು ಅಲ್ಲಿಗೆ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಿಂದ ಬಂದಿತು. ಅಂಬರಿನ ಒಂದು ಪಾಲು ಬಾಲ್ಟಿಕ್ ತೀರದ್ದು. ಉತ್ತಮ ಫಿರೋಜಾ ಪಾರಸೀಕ ದೇಶದ ನಿಶಾಪುರದಿಂದಲೂ ಬರುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಪಾಟ್ನಾಕ್ಕೆ ಬಂದಿದ್ದ ಫ್ರೆಂಚ್ ರತ್ನವರ್ತಕ ತವೆರ್ನಿಯೆಯು, ಡಾನ್‌ಜಿಗ್ ಪಟ್ಟಣದಲ್ಲಿ ಅಂಬರಿನ ಬೊಂಬೆಗಳನ್ನು ಮಾಡಿಸಿ ಭೂತಾನದ ದೊರೆಗೆ ಒಪ್ಪಿಸಲು ಹೊರಟಿದ್ದ ಆರ್ಮೇನಿಯ ವರ್ತಕರನ್ನು ಅಲ್ಲಿ ಕಂಡುದಾಗಿ ಬರೆದಿದ್ದಾನೆ. ಆದುದರಿಂದ ಇಂಥ ಸರವೊಂದು ವಾಣಿಜ್ಯಪಥಗಳ ಇತಿಹಾಸಕ್ಕೆ ಸಾಕ್ಷಿಯಾಗಬಲ್ಲುದು; ಆದರೆ ಮಣಿಗಳು ನಿಜವಾದುವಾಗಿದ್ದರೆ ಮಾತ್ರ.

ಕೃತಕ ಮಣಿಯು ಕಂಡೊಡನೆ ಅದನ್ನು ತೆಗೆದೆಸೆಯುವುದು ವರ್ತಕನಿಗೆ ಸರಿಯಾಗಿರಬಹುದು, ಚರಿತ್ರಕಾರನಿಗೆ ಸರಿಯಲ್ಲ. ನಿಜವಾದ ಅಂಬರು ಎಂದು ಕೊರಳೇರಿತೆಂದು ಹೇಳುವುದು ಕಷ್ಟ. ಕೃತಕ ವಸ್ತುವಿಗಾದರೋ ಹುಟ್ಟಿದ ವರ್ಷವೇ ಗೊತ್ತಿದೆ. ಬೇಕ್‌ಲೈಟ್ ಎಂಬ ಅಂಟನ್ನು ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞನು 1907ರಲ್ಲಿ ಕಂಡುಹಿಡಿದನು. ಅದರ ಜಾತಿಯ ಅಂಟುಗಳಿಂದ ಎರಕಹೊಯ್ದ ಹಳದಿ ಮಣಿಗಳು ಆಮೇಲೆ ಅಂಬರೆಂಬ ಹೆಸರಿನಲ್ಲಿ ಆಫ್ರಿಕ, ಏಷ್ಯಗಳಿಗೆ ಹೇರಳವಾಗಿ ಹೋದುವು. ಆದುದರಿಂದ ಅಂಥ ಮಣಿಯು ಯಾವ ಸರದಲ್ಲಿದೆಯೋ ಅದು ಈಗಿರುವ ರೂಪದಲ್ಲಿ 1907ಕ್ಕಿಂತ ಹಿಂದಿನದಾಗಲಾರದು.

ಒಂದು ಸರವನ್ನು ಎದುರಿಗಿಟ್ಟುಕೊಂಡು ವಿಚಾರಿಸೋಣ. ಅದರಲ್ಲಿ ಒಂಬತ್ತು ದೊಡ್ಡ ಹಳದಿ ಮಣಿಗಳು, ಆರು ಹವಳಗಳು, ನಾಲ್ಕು ಫಿರೋಜಾಗಳು ಇವೆ. ಮನೆಯವರು ಅದನ್ನು ಇನ್ನೂರು ವರ್ಷದ ಹಿಂದಿನದೆಂದು ಹೇಳುತ್ತಾರೆ ಎಂದಿಟ್ಟುಕೊಳ್ಳಿ. ದಾರವನ್ನು ಕೂಡಲೇ ಬಿಚ್ಚಬಾರದು. ಹತ್ತು ಪಟ್ಟು ಹಿರಿದಾಗಿ ತೋರಿಸುವ ಭೂತಗನ್ನಡಿಯಿಂದ ಮಣಿಮಣಿಗಳು ತಾಗುವ ಮುಖಗಳನ್ನು ಮೊದಲು ನೋಡಬೇಕು. ಬಹುಕಾಲ ಒಂದರ ಮಗ್ಗುಲಲ್ಲಿ ಇನ್ನೊಂದು ಉಜ್ಜಿಕೊಂಡಿದ್ದ ಮಣಿಗಳ ಮುಖಗಳು ಪರಸ್ಪರ ಹೊಂದಿಕೊಂಡು ಸವೆದಿರುತ್ತವೆ. ರಂಧ್ರದ ಅಂಚೂ ದುಂಡಾಗಿರುತ್ತದೆ.

ಬಳಿಕ ಹಳದಿ ಮಣಿಗಳನ್ನು ಬಿಡಿಯಾಗಿ ತೆಗೆದು ಉಪ್ಪುನೀರಿನ ಪರೀಕ್ಷೆಗೆ ಒಡ್ಡಬಹುದು. ಕಾಲು ಲೀಟರು ನೀರಿನಲ್ಲಿ ಸುಮಾರು 50 ಗ್ರಾಂ ಉಪ್ಪನ್ನು ಕರಗಿಸಿದರೆ ಅಂಬರು ತೇಲುತ್ತದೆ, ಬೇಕ್‌ಲೈಟ್ ಮುಳುಗುತ್ತದೆ. (ಹವಳ, ಫಿರೋಜಾಗಳನ್ನು ಈ ನೀರಿಗೆ ಹಾಕುವುದು ವ್ಯರ್ಥ; ಅವು ಸಾಚಾ ಆದರೂ ಮುಳುಗುತ್ತವೆ, ಫಿರೋಜಾದ ಬಣ್ಣವೂ ಕೆಡಬಹುದು.) ನಮ್ಮ ಸರದಲ್ಲಿ ಏಳು ತೇಲಿದುವು, ಎರಡು ಮುಳುಗಿದುವು ಎನ್ನೋಣ. ಮುಳುಗಿದುವು ಅಂಬರಲ್ಲ. ತೇಲಿದುವೆಲ್ಲ ಅಂಬರೆಂದು ಮಾತ್ರ ಹೇಳಕೂಡದು: ಎಳೆಯ ಮರದಂಟಾದ ಕೋಪಲ್ ತೇಲುತ್ತದೆ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕೂ ತೇಲುತ್ತದೆ. ಕೋಪಲಿನ ಮರೆಯಾದ ಸ್ಥಳದಲ್ಲಿ ಒಂದು ತೊಟ್ಟು ಅಸಿಟೋನ್ ಇಟ್ಟರೆ ಅದು ಬೇಗನೆ ಅಂಟಂಟಾಗುತ್ತದೆ. ಅಂಬರು ಅಷ್ಟು ಸುಲಭವಾಗಿ ಕರಗದು. ಆದರೆ ಪಾಲಿಸ್ಟೈರೀನನ್ನೂ ಅಸಿಟೋನ್ ಮೆತ್ತಗಾಗಿಸುವುದರಿಂದ, ಅಂಟುವುದಷ್ಟರಿಂದಲೇ ಅದು ಕೋಪಲೆಂದು ತೀರ್ಮಾನಿಸಬಾರದು. ಕಾದ ಸೂಜಿ ಚುಚ್ಚಿ ವಾಸನೆ ನೋಡುವ ರೂಢಿಯುಂಟು. ತಿಬ್ಬತೀ ಭಾಷೆಯಲ್ಲಿ ಅಂಬರಿಗೆ ಪೋಶೆಲ್, ಎಂದರೆ ಧೂಪದ ಸ್ಫಟಿಕ, ಎಂದು ಹೆಸರಿರುವುದನ್ನು ನೆನೆದರೆ ಆ ರೂಢಿಯು ಸಹಜವೇ. ಆದರೂ ಪುರಾತನ ವಸ್ತುವಿಗೆ ಅದು ಗಾಯ ಮಾಡುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ತೇಲಿದ ಏಳನ್ನು ಬೆಳಕಿಗೆ ಹಿಡಿದು ಒಳಗನ್ನು ನೋಡಬೇಕು. ನೈಸರ್ಗಿಕ ಅಂಬರಿನಲ್ಲಿ ಗುಳ್ಳೆಗಳು ಬಹುಮಟ್ಟಿಗೆ ದುಂಡಗಿರುತ್ತವೆ. ಮೋಡ ಕವಿದಂತಿರುವ ಭಾಗವು ಅತಿ ಸೂಕ್ಷ್ಮವಾದ ಗುಳ್ಳೆಗಳ ರಾಶಿಯೇ. ಬಾಲ್ಟಿಕ್ ಅಂಬರಿನಲ್ಲಿ ಓಕ್ ಮರದ ನಕ್ಷತ್ರಾಕಾರದ ರೋಮಗಳು ಅನೇಕವೇಳೆ ಸಿಕ್ಕುತ್ತವೆ. ಹುಳುವು ಸಿಕ್ಕಿದ್ದರೆ ಅದರ ಸುತ್ತ ಅಂಟು ಹರಿದ ಗೆರೆಗಳೂ, ಮುರಿದ ಕಾಲೋ ರೆಕ್ಕೆಯೋ ಕಾಣುವುದು ಸ್ವಾಭಾವಿಕ. ನಟ್ಟನಡುವೆ ರೆಕ್ಕೆ ಹರಡಿ ಅಂದವಾಗಿ ಮಲಗಿದ ದೊಡ್ಡ ಕೀಟವನ್ನು ಕಂಡರೆ ಸಂತೋಷಪಡುವುದಕ್ಕಿಂತ ಸಂಶಯಪಡುವುದು ಮೇಲು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಚೂರು ಅಂಬರನ್ನು ಗಾಳಿಯಿಲ್ಲದೆ ಕಾಯಿಸಿ, ಬಲವಾಗಿ ಒತ್ತಿ ಒಂದೇ ಗಟ್ಟಿಯಾಗಿ ಮಾಡುವ ಪದ್ಧತಿಯು ನಡೆಯಿತು. ಅಂಥದರಲ್ಲಿ ಗುಳ್ಳೆಗಳು ಒಂದೇ ದಿಕ್ಕಿಗೆ ನೀಳವಾಗಿ ಎಳೆದಂತಿರುತ್ತವೆ. ಒಂದೊಂದು ಚೂರಿನ ಹಳೆಯ ಹೊರಮೈಯು ಕೆಂಪಗಿನ ತೆಳು ಗೆರೆಯಾಗಿ ಉಳಿದು, ಒಳಗೆ ರಕ್ತನಾಳಗಳ ಬಲೆ ಹರಡಿದಂತೆ ತೋರುತ್ತದೆ.

ಈಗ ಮುಳುಗಿದ ಎರಡು ಮಣಿಗಳ ಮಾತು. ಅವುಗಳ ಮುಖವು ನೆರೆಯ ಅಂಬರಿನ ಸವೆತಕ್ಕೆ ಹೊಂದದೆ, ರಂಧ್ರದ ಅಂಚು ಚೂಪಾಗಿದ್ದರೆ, ಕಳೆದುಹೋದ ಮಣಿಗಳ ಬದಲಿಗೆ ಇವನ್ನು ಇತ್ತೀಚೆಗೆ ಸೇರಿಸಿದರೆಂದು ಊಹಿಸಬಹುದು. ಉಳಿದ ಏಳು ಹಳೆಯವೇ ಆಗಿರಬಹುದು. ಹಾಗಲ್ಲದೆ ಎರಡೂ ನೆರೆಯವುಗಳೊಡನೆ ಸಮವಾಗಿ ಸವೆದಿದ್ದರೆ ಸರವೇ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ್ದು, ಬಹುಕಾಲ ಧರಿಸಿದ್ದು. ಹಳೆಯ ಬೇಕ್‌ಲೈಟ್ ಬೆಳಕಿಗೆ ಕೆಂಪಡರಿ ಪ್ರಾಚೀನವಾದಂತೆ ತೋರುವುದರಿಂದ ಬಣ್ಣವನ್ನು ನಂಬಿ ಕಾಲ ಹೇಳಬಾರದು.

ಹವಳದ ವಿಷಯ ಇದಕ್ಕಿಂತ ಸರಳ. ಗರುಡಪುರಾಣದ ರತ್ನಪರೀಕ್ಷಾ ಭಾಗದಲ್ಲಿ ವಿದ್ರುಮಕ್ಕೆಂದೇ ಬೇರೆ ಅಧ್ಯಾಯವಿದೆ. ನಮ್ಮವರಿಗೆ ಈ ವಸ್ತು ಹಳೆಯ ಪರಿಚಯದ್ದು. ಸಾಚಾ ಹವಳದ ಮೈಮೇಲೆ ಕೊಂಬೆಯುದ್ದಕ್ಕೂ ಸಮಾಂತರವಾದ ನವುರು ಗೆರೆಗಳೂ, ಅಡ್ಡ ಕತ್ತರಿಸಿದ ಮುಖದಲ್ಲಿ ನಡುವಿನಿಂದ ಹೊರಟ ಗೆರೆಗಳೂ ಕಾಣುತ್ತವೆ. ಗಾಜಿನಲ್ಲಿ ಗುಳ್ಳೆಯೂ ಅಚ್ಚಿನ ಕೂಡುಗೆರೆಯೂ ಇರಬಹುದು. ಪ್ಲಾಸ್ಟಿಕ್ಕಿನಲ್ಲಿ ಈ ರಚನೆಯಿಲ್ಲ, ಕೈಗೆ ಹಗುರ. ಮೋಸವು ಹೆಚ್ಚಾಗಿ ನಡೆಯುವುದು ಬಿದಿರು ಹವಳವೆಂಬ ಬೇರೊಂದು ಜಾತಿಯ ಬಿಳಿಯ ಹವಳಕ್ಕೆ ಕೆಂಪು ಬಣ್ಣ ಕಟ್ಟಿದಾಗ. ಅದರಲ್ಲಿಯೂ ಗೆರೆಗಳಿರುತ್ತವೆ, ಆದರೆ ಒರಟು. ಬಣ್ಣವು ಬಿರುಕುಗಳಲ್ಲಿ ದಟ್ಟವಾಗಿ ನಿಂತಿರುತ್ತದೆ. ಬಣ್ಣ ಕಟ್ಟಿದ ಮೇಲೆ ಕೊರೆದ ರಂಧ್ರದೊಳಗೆ ಬಿಳುಪು ಕಾಣುತ್ತದೆ. ಅಸಿಟೋನಿನಲ್ಲಿ ನೆನೆಸಿದ ಹತ್ತಿಗೆ ಕೆಂಪು ಹತ್ತಿದರೆ ಬೇರೆ ಸಾಕ್ಷಿ ಬೇಡ. ಆಮ್ಲದ ತೊಟ್ಟು ನೊರೆಗರೆಯುವುದನ್ನು ನಂಬಿ ತೀರ್ಪು ಹೇಳುವವರಿದ್ದಾರೆ; ಬಣ್ಣ ಕಟ್ಟಿದ ಹವಳವೂ, ಸುಣ್ಣದ ಕಲ್ಲೂ ಹಾಗೆಯೇ ನೊರೆಗರೆಯುತ್ತವೆ.

ಫಿರೋಜಾದಲ್ಲಿ ಕಂದು ಅಥವಾ ಕಪ್ಪು ಕಲ್ಲಿನ ಎಳೆಗಳು ಅಡ್ಡಾದಿಡ್ಡಿಯಾಗಿ ಹರಿದಿರುತ್ತವೆ, ಕೆಲವೆಡೆ ಮೇಲ್ಮೈಯಿಂದ ಕೊಂಚ ತಗ್ಗಿರುತ್ತವೆ. ಹೌಲೈಟ್ ಎಂಬ ಬಿಳಿಕಲ್ಲಿಗೆ ನೀಲಿ ಕಟ್ಟಿದಾಗ ಬಣ್ಣವು ಬಿರುಕಿನಲ್ಲಿ ಕೂಡಿ, ಒಡೆದ ಅಂಚಿನಲ್ಲಿ ಬಿಳುಪು ಇಣುಕುತ್ತದೆ. ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ್ದರಲ್ಲಿ ಮೂಲೆಗಳುಳ್ಳ ನೀಲಿ ಹರಳುಗಳು ಒಂದರ ಪಕ್ಕದಲ್ಲಿ ಇನ್ನೊಂದು ಬೇರೆಬೇರೆಯಾಗಿ ಕಾಣುತ್ತವೆ. ಹಳೆಯ ತಿಬ್ಬತೀ ಫಿರೋಜಾ ಮೈಯೆಣ್ಣೆ ಹೀರಿ ಹಸುರಾಗುವುದುಂಟು. ಆದುದರಿಂದ ಹಸುರು ಬಣ್ಣವೊಂದರಿಂದಲೇ ಕಲ್ಲನ್ನು ಸುಳ್ಳೆನ್ನಬಾರದು. ಸಾಚಾ ಕಲ್ಲಿಗೇ ಅಂಟನ್ನು ಹೀರಿಸಿ ಗಟ್ಟಿಮಾಡಿದ್ದರೆ ಭೂತಗನ್ನಡಿಗೆ ಅದು ಗೊತ್ತಾಗುವುದಿಲ್ಲ.

ಅಲ್ಲಿ ಅವರಕ್ತ ಕಿರಣಗಳ ಪರೀಕ್ಷೆಯೇ ಗತಿ. 1960ರ ದಶಕದಲ್ಲಿ ಅಮೆರಿಕದ ಕರ್ಟ್ ಬೆಕ್ ಎಂಬ ವಿದ್ವಾಂಸರು ಇದೇ ರೀತಿಯ ಪರೀಕ್ಷೆಯಿಂದ ಬಾಲ್ಟಿಕ್ ಅಂಬರಿನ ಗುರುತನ್ನು ಸ್ಥಾಪಿಸಿದರು. ಅದರಿಂದ ಮಣಿಯ ಮೂಲಸ್ಥಳವನ್ನು ಹೇಳಬಹುದು. ಆದರೆ ಒತ್ತಿ ಮಾಡಿದ ಅಂಬರೂ ಬಾಲ್ಟಿಕ್ ಅಂಬರೇ ಆದುದರಿಂದ ಆ ಪರೀಕ್ಷೆಯಲ್ಲಿ ಅವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಅಲ್ಲಿ ಪುನಃ ಭೂತಗನ್ನಡಿಯನ್ನು ಕೈಗೆ ತೆಗೆದುಕೊಂಡು ಆ ಕೆಂಪು ಗೆರೆಗಳನ್ನೂ ಎಳೆದ ಗುಳ್ಳೆಗಳನ್ನೂ ಹುಡುಕಬೇಕಾಗುತ್ತದೆ.