ವಾಹನಧೂಮ ತಪಾಸಣೆ
ಮೋಟಾರು ವಾಹನದ ಹೊಗೆಕೊಳವೆಯಿಂದ ಹೊರಬೀಳುವ ಧೂಮವು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮವು ವಿಧಿಸಿದ ಮಿತಿಯೊಳಗಿದೆಯೇ ಎಂದು ಅಳೆಯುವ ಪರೀಕ್ಷೆ. ಪೆಟ್ರೋಲ್ ಬಂಡಿಯಲ್ಲಿ ನಿಷ್ಕ್ರಿಯ ವೇಗದಲ್ಲಿ ಇಂಗಾಲದ ಮಾನಾಕ್ಸೈಡನ್ನೂ ಉರಿಯದುಳಿದ ಹೈಡ್ರೋಕಾರ್ಬನ್ನುಗಳನ್ನೂ ಅಳೆಯುವರು. ಡೀಸೆಲ್ ಬಂಡಿಯಲ್ಲಾದರೋ ಹೊಗೆಯ ಅಪಾರದರ್ಶಕತೆಯನ್ನು.

ಅಥಣಿ, ರಾಯಬಾಗ, ಕಾಗವಾಡಗಳ ಕಬ್ಬಿನ ಲಾರಿಯೊಂದನ್ನು ಉದಾಹರಣೆಯಾಗಿ ಭಾವಿಸಬಹುದು. ಎಂಜಿನ್ನು ಚೆನ್ನಾಗಿ ಕಾದ ಬಳಿಕ, ಗೇರಿಲ್ಲದೆ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ಣವಾಗಿ ಒತ್ತಿ, ಹೊರಟ ಹೊಗೆಯು ಬೆಳಕಿನ ಕಿರಣವನ್ನು ಎಷ್ಟು ಹೀರಿತೆಂಬುದನ್ನು ಯಂತ್ರದಿಂದ ತಿಳಿದು, ಇದನ್ನೇ ಹಲವು ಬಾರಿ ಮಾಡಿ ಸರಾಸರಿ ತೆಗೆಯುವರು. ಭಾರತ್ ಸ್ಟೇಜ್ 4ರ ಲಾರಿಗೆ ಮಿತಿ ಪ್ರತಿ ಮೀಟರಿಗೆ 1.62; ಹಳೆಯವಕ್ಕೆ 2.45. ಸರಾಸರಿಯು 1.9 ಬಂದರೆ ಹಳೆಯ ಲಾರಿ ತೇರ್ಗಡೆ, ಹೊಸದು ಅನುತ್ತೀರ್ಣ.

ಧೂಳು ತುಂಬಿದ ಏರ್ ಫಿಲ್ಟರು, ಸವೆದ ಇಂಜೆಕ್ಟರುಗಳು ದಹನವನ್ನು ಕ್ರಮೇಣ ಕೆಡಿಸುವುದರಿಂದ ಒಮ್ಮೆಯ ಪರೀಕ್ಷೆ ಸಾಲದು: ಹೊಸ ವಾಹನಕ್ಕೆ ಮೊದಲ ವರ್ಷ ವಿನಾಯಿತಿ, ಬಳಿಕ ಭಾರತ್ ಸ್ಟೇಜ್ 4 ಮತ್ತು 6ರವಕ್ಕೆ ಒಂದು ವರ್ಷದ, ಹಳೆಯವಕ್ಕೆ ಆರು ತಿಂಗಳ ಪ್ರಮಾಣಪತ್ರ. ಪೆಟ್ರೋಲ್ ಬಂಡಿಯ ಪರೀಕ್ಷೆಯಲ್ಲಿ ನಳಿಕೆಯನ್ನು ಕೊಳವೆಯ ಬಾಯಲ್ಲೇ ತೂಗಬಿಟ್ಟರೆ ಹೊರಗಾಳಿ ಬೆರೆತು ಅಂಕಿ ಸುಳ್ಳಾಗಿ ತಗ್ಗುವುದು. ಆಮ್ಲಜನಕದ ಪ್ರಮಾಣ ಏರಿದ್ದರೆ ಈ ಮೋಸ ಹೊರಬೀಳುತ್ತದೆ. ನೈಟ್ರೋಜನ್ ಆಕ್ಸೈಡುಗಳನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ, ಇದೇ ಅದರ ದೊಡ್ಡ ಕೊರತೆ. ಚಿಕ್ಕೋಡಿಯಲ್ಲಾಗಲಿ ನಿಪ್ಪಾಣಿಯಲ್ಲಾಗಲಿ ಪಡೆದ ಪತ್ರವು ಗಡಿಯಾಚೆಯ ಮಹಾರಾಷ್ಟ್ರದಲ್ಲಿಯೂ ಸಲ್ಲುತ್ತದೆ.